ಸಣ್ಣ ಸಣ್ಣ ಗುತ್ತಿಗೆ ಕೆಲಸಗಳನ್ನು ರೆಸ್ಯೂಮೆಯಲ್ಲಿ ಜೋಡಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಿಂದ ನನ್ನ ಕೈಗೆ ಬರುವ ರೆಸ್ಯೂಮೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ಬಿ.ಕಾಂ ಮುಗಿಸಿ ಮೂರು ನಾಲ್ಕು ವರ್ಷ ಚೆನ್ನಾಗಿಯೇ ದುಡಿದಿರುತ್ತಾರೆ. ಆರು ತಿಂಗಳು ಏಜೆನ್ಸಿ ಮೂಲಕ, ನಾಲ್ಕು ತಿಂಗಳು ಸಿಎ ಕಚೇರಿಯಲ್ಲಿ, ನಡುವೆ ಅಂಗಡಿಗಳ ಲೆಕ್ಕ. ಆದರೆ ಅದನ್ನೆಲ್ಲ ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಬರೆದುಬಿಡುತ್ತಾರೆ. ಓದುವ ಎಚ್‌ಆರ್‌ಗೆ ಹತ್ತು ಹನ್ನೊಂದು ಕಂಪನಿ ಹೆಸರು ಕಾಣುತ್ತದೆ, ಕೆಲಸ ಕಾಣುವುದಿಲ್ಲ. "ಇವರಿಗೆ ಎಲ್ಲಿಯೂ ನಿಲ್ಲಲಿಕ್ಕೆ ಆಗುವುದಿಲ್ಲವಾ?" ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ.

ಇನ್ನು ಕೆಲವರು ಇದಕ್ಕೆ ಹೆದರಿ ಎಲ್ಲವನ್ನೂ ಒಂದೇ ದೊಡ್ಡ ಹೆಸರಿನಡಿ ಮುಚ್ಚಿಬಿಡುತ್ತಾರೆ. ಆಗ ಇಂಟರ್‌ವ್ಯೂ ದಾಟಿ ಆಫರ್ ಬಂದ ಮೇಲೆ, ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ಎರಡೂ ಆಗದಂತೆ ಜೋಡಿಸಲು ಒಂದು ಕ್ರಮವಿದೆ. ಅಕೌಂಟ್ಸ್ ಕೆಲಸವನ್ನೇ ಉದಾಹರಣೆಗೆ ಇಟ್ಟುಕೊಂಡು ಅದನ್ನು ಹೇಳುತ್ತೇನೆ. ನಮ್ಮಲ್ಲಿ ಬಿಡಿ ಕೆಲಸ ಜಾಸ್ತಿ ಇರುವ ಕ್ಷೇತ್ರಗಳಲ್ಲಿ ಅದೂ ಒಂದು.

## ಉದಾಹರಣೆಗೆ ಒಬ್ಬ ಹುಡುಗಿ

ಕಾಪುವಿನ ಒಬ್ಬ ಹುಡುಗಿ ಎಂದುಕೊಳ್ಳೋಣ. 2021ರಲ್ಲಿ ಬಿ.ಕಾಂ ಮುಗಿಸಿದ್ದಾಳೆ. ಬೈಕಂಪಾಡಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸಕ್ಕೆ ಅರ್ಜಿ ಹಾಕಬೇಕಾಗಿದೆ. ಅವಳು ಮಾಡಿದ ಕೆಲಸಗಳು ಇವು.

- ಆಗಸ್ಟ್ 2021ರಿಂದ ಮಾರ್ಚ್ 2022: ಉಡುಪಿಯ ಸಿಎ ಕಚೇರಿಯಲ್ಲಿ ಸಹಾಯಕಿ
- ಏಪ್ರಿಲ್‌ನಿಂದ ಸೆಪ್ಟೆಂಬರ್ 2022: ಏಜೆನ್ಸಿ ಮೂಲಕ ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆವೈಸಿ ಕಾಗದ ಪರಿಶೀಲನೆ
- ಅಕ್ಟೋಬರ್ 2022ರಿಂದ ಮಾರ್ಚ್ 2023: ಅದೇ ಏಜೆನ್ಸಿಯಿಂದ ಬೇರೊಂದು ಕಂಪನಿಯಲ್ಲಿ ಬಿಲ್ ಎಂಟ್ರಿ
- ಏಪ್ರಿಲ್, ಮೇ 2023: ಕಾರ್ಕಳದ ಗೇರುಬೀಜ ಕಾರ್ಖಾನೆಯ ಬಾಕಿ ಲೆಕ್ಕ ಟ್ಯಾಲಿಗೆ ಏರಿಸಿದ್ದು
- ಜೂನ್ 2023: ಒಂದು ಕಲ್ಯಾಣಮಂಟಪದ ರಿಸೆಪ್ಶನ್‌ನಲ್ಲಿ ಸಂಜೆ ಕೆಲಸ
- ಜೂನ್ 2023ರಿಂದ ಮಾರ್ಚ್ 2024: ಉಡುಪಿ ರಥಬೀದಿಯ ಮೂರು ಅಂಗಡಿಗಳ ತಿಂಗಳ ಲೆಕ್ಕ, ಜಿಎಸ್‌ಟಿ ತಯಾರಿ
- ಆಗಸ್ಟ್ 2023ರಿಂದ ಮೇ 2024: ಮಲ್ಪೆಯ ಮೀನು ವ್ಯಾಪಾರಿಯೊಬ್ಬರ ದಿನದ ಲೆಕ್ಕ
- ಸೆಪ್ಟೆಂಬರ್‌ನಿಂದ ಡಿಸೆಂಬರ್ 2024: ಮಂಗಳೂರಿನ ಸಿಎ ಸಂಸ್ಥೆಯಲ್ಲಿ ವಾರ್ಷಿಕ ಜಿಎಸ್‌ಟಿ ರಿಟರ್ನ್ ಕೆಲಸ
- ಜನವರಿ 2025ರಿಂದ ಈವರೆಗೆ: ಮತ್ತೆ ಅಂಗಡಿಗಳ ಲೆಕ್ಕ, ಈಗ ನಾಲ್ಕು ಅಂಗಡಿ

ಮೂರು ಅಂಗಡಿಗಳನ್ನು ಬೇರೆ ಬೇರೆಯಾಗಿ ಬರೆದರೆ ಹನ್ನೊಂದು ಸಾಲು. ಅವಳ ಮೊದಲ ರೆಸ್ಯೂಮೆಯಲ್ಲಿ ಇರುವುದೂ ಹನ್ನೊಂದೇ. ಇದನ್ನು ಸರಿಮಾಡುವುದು ಹೇಗೆಂದು ನೋಡೋಣ.

## ಹಂತ 1: ಬರೆಯುವ ಮೊದಲು ಕಾಗದ ಒಟ್ಟುಮಾಡಿ

ಜೋಡಣೆಗಿಂತ ಮೊದಲು ತಾರೀಕು. ನೆನಪಿನಿಂದ ಬರೆದ ತಾರೀಕು ಬಹುತೇಕ ಒಂದೆರಡು ತಿಂಗಳು ಆಚೀಚೆ ಇರುತ್ತದೆ. ದೊಡ್ಡ ಕಂಪನಿಗಳು ಪರಿಶೀಲಿಸುವಾಗ ಅದೇ ತೊಂದರೆ ಕೊಡುತ್ತದೆ.

ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆಯಿರಿ. ಕಾಲಮ್‌ಗಳು ಆರು ಸಾಕು: ಶುರುವಾದ ದಿನ, ಮುಗಿದ ದಿನ, ಹಣ ಕೊಟ್ಟವರು ಯಾರು, ಕೆಲಸ ಮಾಡಿದ ಜಾಗ ಯಾವುದು, ಮಾಡಿದ್ದೇನು, ಮುಗಿದದ್ದು ಯಾಕೆ. ಈ ಹಾಳೆ ನಿಮಗೆ ಮಾತ್ರ, ಯಾರಿಗೂ ಕಳುಹಿಸುವುದಲ್ಲ. ಅದಕ್ಕೇ ಎಲ್ಲವನ್ನೂ ಬರೆಯಿರಿ, ಕಲ್ಯಾಣಮಂಟಪದ ಒಂದು ತಿಂಗಳನ್ನೂ ಬಿಡಬೇಡಿ.

ತಾರೀಕು ಖಚಿತ ಮಾಡಿಕೊಳ್ಳಲು ಮೂರು ಕಡೆ ನೋಡಬೇಕು.

ಮೊದಲನೆಯದು ಪಿಎಫ್. ನಿಮ್ಮ ಯುಎಎನ್ ಹಾಕಿ ಇಪಿಎಫ್‌ಒ ಸದಸ್ಯರ ಪೋರ್ಟಲ್‌ಗೆ ಹೋದರೆ Service History ಎಂಬ ಪುಟ ಸಿಗುತ್ತದೆ. ಅಲ್ಲಿ ಸಂಸ್ಥೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಇರುತ್ತವೆ. ಏಜೆನ್ಸಿ ಮೂಲಕ ಕೆಲಸ ಮಾಡಿದ್ದರೆ ಅಲ್ಲಿ ಏಜೆನ್ಸಿಯ ಹೆಸರು ಬರುತ್ತದೆ, ಬ್ಯಾಂಕಿನದ್ದಲ್ಲ. ಕೆಲವೊಮ್ಮೆ ಬಿಟ್ಟ ದಿನದ ಜಾಗ ಖಾಲಿ ಇರುತ್ತದೆ, ಅಂದರೆ ದಾಖಲೆಯ ಪ್ರಕಾರ ನೀವು ಇನ್ನೂ ಅಲ್ಲೇ ಇದ್ದೀರಿ! ಏಜೆನ್ಸಿಗೆ ಫೋನ್ ಮಾಡಿ ಮಾಡಿ ಸುಸ್ತಾಗಬೇಕಿಲ್ಲ. ಕೊನೆಯ ಪಿಎಫ್ ಹಣ ಕಟ್ಟಿ ಎರಡು ತಿಂಗಳಾದ ಮೇಲೆ ಅದೇ ಪೋರ್ಟಲ್‌ನ Mark Exit ಮೂಲಕ ನೀವೇ ಹಾಕಿಕೊಳ್ಳಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ, ಅಷ್ಟೇ.

ಎರಡನೆಯದು ಆದಾಯ ತೆರಿಗೆ ಪೋರ್ಟಲ್‌ನ 26AS. ಯಾರು ನಿಮ್ಮ ಹೆಸರಿನಲ್ಲಿ ಟಿಡಿಎಸ್ ಕಟ್ಟಿದ್ದಾರೆ, ಯಾವ ಸೆಕ್ಷನ್‌ನಲ್ಲಿ ಕಟ್ಟಿದ್ದಾರೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ನಮ್ಮ ಉದಾಹರಣೆಯ ವರ್ಷಗಳ ಹಾಳೆಯಲ್ಲಿ 192 ಎಂದಿದ್ದರೆ ಅದು ಸಂಬಳ. 194J ಎಂದಿದ್ದರೆ ವೃತ್ತಿ ಶುಲ್ಕ. 194C ಎಂದಿದ್ದರೆ ಗುತ್ತಿಗೆ ಹಣ. ನಮ್ಮ ಹುಡುಗಿ ಮಂಗಳೂರಿನ ಸಿಎ ಸಂಸ್ಥೆಯಲ್ಲಿ ತಾನು ನೌಕರಿ ಮಾಡಿದ್ದೆ ಎಂದೇ ತಿಳಿದಿದ್ದಳು. ಹಾಳೆ ತೆಗೆದು ನೋಡಿದರೆ 194J. ಅಂದರೆ ಸಂಸ್ಥೆಯ ಪುಸ್ತಕದಲ್ಲಿ ಅವಳು ನೌಕರಳಲ್ಲ, ಗುತ್ತಿಗೆಯವಳು. ರೆಸ್ಯೂಮೆಯಲ್ಲೂ ಹಾಗೆಯೇ ಬರೆಯಬೇಕು. (ಜತೆಗೆ ಆ ನಾಲ್ಕು ತಿಂಗಳ ಹಣದಿಂದ ಶೇ. 10 ಕಡಿತವಾಗಿರುತ್ತದೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗೆ ಇದ್ದರೆ, ಸಮಯಕ್ಕೆ ರಿಟರ್ನ್ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ. ಎಷ್ಟೋ ಮಂದಿ ಸುಮ್ನೆ ಬಿಟ್ಟುಬಿಡುತ್ತಾರೆ.)

ಮೂರನೆಯದು ಬ್ಯಾಂಕ್ ಪಾಸ್‌ಬುಕ್ ಮತ್ತು ವಾಟ್ಸಾಪ್. ರಥಬೀದಿಯ ಸಣ್ಣ ಅಂಗಡಿಯವರು ಟಿಡಿಎಸ್ ಕಡಿಯುವುದಿಲ್ಲ, ಕಡಿಯಬೇಕಾಗಿಯೂ ಇರುವುದಿಲ್ಲ. ಹಾಗಾಗಿ ಆ ಕೆಲಸ 26ASನಲ್ಲಿ ಕಾಣದಿದ್ದರೆ ಗಾಬರಿ ಬೇಡ. ತಿಂಗಳು ತಿಂಗಳು ಯುಪಿಐಯಲ್ಲಿ ಬಂದ ಹಣವೇ ಅದಕ್ಕೆ ದಾಖಲೆ. ನಗದು ಮಾತ್ರ ಪಡೆದಿದ್ದರೆ, ಆ ಅಂಗಡಿಯವರಿಂದ ಲೆಟರ್‌ಹೆಡ್‌ನಲ್ಲಿ ಎರಡು ಸಾಲಿನ ಪತ್ರ ಈಗಲೇ ಕೇಳಿ ಪಡೆಯಿರಿ: ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ನಮ್ಮ ಲೆಕ್ಕ ನೋಡಿಕೊಂಡಿದ್ದಾರೆ ಎಂದು.

ಎಚ್ಚರಿಕೆ: ಒಂದು ಕೆಲಸಕ್ಕೆ ಈ ಮೂರರಲ್ಲಿ ಯಾವ ದಾಖಲೆಯೂ ಇಲ್ಲ, ಪತ್ರವೂ ಸಿಗುವುದಿಲ್ಲ ಎಂದಾದರೆ ಅದನ್ನು ರೆಸ್ಯೂಮೆಯ ಮುಖ್ಯ ಆಧಾರ ಮಾಡಿಕೊಳ್ಳಬೇಡಿ. ಒಂದು ಸಾಲಿನಲ್ಲಿ ಇರಬಹುದು. ಅದರ ಮೇಲೆ ಎರಡು ವರ್ಷದ ಅನುಭವ ಕಟ್ಟಬೇಡಿ.

## ಹಂತ 2: ಹಣ ಕೊಟ್ಟವರನ್ನೂ ಕೆಲಸದ ಜಾಗವನ್ನೂ ಬೇರೆ ಮಾಡಿ

ನಾನು ಕಂಡಂತೆ ಆಫರ್ ರದ್ದಾಗುವುದು ಹೆಚ್ಚಾಗಿ ಇಲ್ಲಿ. ಮೋಸ ಮಾಡುವ ಮನಸ್ಸು ಇಲ್ಲದವರೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ.

ಏಜೆನ್ಸಿ ನಿಮ್ಮನ್ನು ಬ್ಯಾಂಕಿಗೆ ಕಳುಹಿಸಿತು. ಆರು ತಿಂಗಳು ಬ್ಯಾಂಕಿನ ಕಟ್ಟಡದಲ್ಲಿ, ಬ್ಯಾಂಕಿನ ಐಡಿ ಕಾರ್ಡ್ ಹಾಕಿಕೊಂಡು, ಬ್ಯಾಂಕಿನ ಮ್ಯಾನೇಜರ್ ಹೇಳಿದ್ದನ್ನು ಮಾಡಿದಿರಿ. ಹಾಗಾಗಿ ರೆಸ್ಯೂಮೆಯಲ್ಲಿ ಬ್ಯಾಂಕಿನ ಹೆಸರು ಬರೆದಿರಿ. ಪರಿಶೀಲನೆಯವರು ಬ್ಯಾಂಕಿನ ಎಚ್‌ಆರ್‌ಗೆ ಕೇಳುತ್ತಾರೆ. ಅವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. "ಇಂಥವರು ನಮ್ಮಲ್ಲಿ ಇರಲಿಲ್ಲ" ಎಂಬ ಉತ್ತರ ಹೋಗುತ್ತದೆ. ಅಲ್ಲಿಗೆ ನೀವು ಸುಳ್ಳು ಹೇಳಿದವರಾದಿರಿ.

ಬರೆಯುವ ಸರಿಯಾದ ರೀತಿ ಸರಳ. ಮೇಲಿನ ಸಾಲಿನಲ್ಲಿ ಏಜೆನ್ಸಿಯ ಹೆಸರು, ಆಫರ್ ಲೆಟರ್‌ನಲ್ಲಿ ಇರುವಂತೆಯೇ. ಅದರ ಕೆಳಗೆ "ನಿಯೋಜನೆ: ಖಾಸಗಿ ಬ್ಯಾಂಕ್, ಮಂಗಳೂರು" ಎಂದು. ಕರಾರಿನಲ್ಲಿ ಗ್ರಾಹಕರ ಹೆಸರು ಹೇಳಬಾರದೆಂದು ಇಲ್ಲದಿದ್ದರೆ ಬ್ಯಾಂಕಿನ ಹೆಸರನ್ನೇ ಹಾಕಿ. ದೊಡ್ಡ ಹೆಸರು ಕೆಳಗಿನ ಸಾಲಿನಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ.

ಇದರಿಂದ ಇನ್ನೊಂದು ಲಾಭ ಇದೆ. ಒಂದೇ ಏಜೆನ್ಸಿಯಿಂದ ಎರಡು ಕಡೆ ಹೋಗಿದ್ದರೆ, ಅದು ಎರಡು ಕೆಲಸ ಅಲ್ಲ. ಒಂದೇ ಸಂಸ್ಥೆಯಲ್ಲಿ ಹನ್ನೆರಡು ತಿಂಗಳು, ಎರಡು ನಿಯೋಜನೆ. ನಮ್ಮ ಹುಡುಗಿಯ ಪಟ್ಟಿಯಲ್ಲಿ ಆರಾರು ತಿಂಗಳ ಎರಡು ಸಾಲುಗಳು ಸೇರಿ ಏಪ್ರಿಲ್ 2022ರಿಂದ ಮಾರ್ಚ್ 2023ರವರೆಗಿನ ಒಂದು ವರ್ಷವಾಯಿತು. ಏನೂ ಮುಚ್ಚಿಡದೆಯೇ ಪಟ್ಟಿ ಗಟ್ಟಿಯಾಯಿತು, ಪಿಎಫ್ ದಾಖಲೆಗೂ ಸರಿಯಾಗಿ ಹೊಂದಿತು.

## ಹಂತ 3: ಎಲ್ಲದರಲ್ಲೂ ಇರುವ ಒಂದೇ ಕೆಲಸ ಯಾವುದೆಂದು ಹುಡುಕಿ

ಈಗ ಹಾಳೆಯಲ್ಲಿ "ಮಾಡಿದ್ದೇನು" ಎಂಬ ಕಾಲಮ್ ಮಾತ್ರ ಓದಿ. ಕಂಪನಿಗಳ ಹೆಸರನ್ನು ಕೈಯಿಂದ ಮುಚ್ಚಿಕೊಂಡರೂ ಆದೀತು. ಪಕ್ಕದಲ್ಲಿ ನೀವು ಅರ್ಜಿ ಹಾಕುವ ಕೆಲಸದ ಜಾಹೀರಾತು ಇರಲಿ.

ನಮ್ಮ ಹುಡುಗಿಯ ಕಾಲಮ್‌ನಲ್ಲಿ ಟ್ಯಾಲಿ ಎಂಟ್ರಿ, ಬಿಲ್ ಹೊಂದಿಸುವುದು, ಜಿಎಸ್‌ಟಿ ತಯಾರಿ ಮತ್ತೆ ಮತ್ತೆ ಬರುತ್ತವೆ. ಜಾಹೀರಾತೂ ಅದನ್ನೇ ಕೇಳುತ್ತದೆ. ಹಾಗಾದರೆ ರೆಸ್ಯೂಮೆಯ ಮೊದಲ ಸಾಲು ಅದೇ: "ಸಣ್ಣ, ಮಧ್ಯಮ ವ್ಯಾಪಾರಗಳ ಲೆಕ್ಕ ಮತ್ತು ಜಿಎಸ್‌ಟಿ ತಯಾರಿ, ಟ್ಯಾಲಿ, ಎಕ್ಸೆಲ್." ಶ್ರಮಜೀವಿ, ತಂಡದಲ್ಲಿ ಬೆರೆಯುವವಳು ಎಂದೆಲ್ಲ ಬರೆಯುವ ಜಾಗದಲ್ಲಿ ಈ ಒಂದು ಸಾಲು ಇದ್ದರೆ, ಕೆಳಗಿನ ಪ್ರತಿಯೊಂದು ಕೆಲಸವನ್ನೂ ಓದುವವರು ಅದರ ಬೆಳಕಿನಲ್ಲೇ ಓದುತ್ತಾರೆ.

ಇದಕ್ಕೆ ಸೇರದ ಕೆಲಸಗಳನ್ನು ಏನು ಮಾಡುವುದು? ಕಲ್ಯಾಣಮಂಟಪದ ತಿಂಗಳನ್ನು ಬಿಟ್ಟುಬಿಡಿ. ಅದೇ ತಿಂಗಳು ಅಂಗಡಿಗಳ ಲೆಕ್ಕವೂ ಶುರುವಾಗಿತ್ತು, ಹಾಗಾಗಿ ಖಾಲಿ ಜಾಗ ಬೀಳುವುದಿಲ್ಲ. ಬ್ಯಾಂಕಿನ ಕೆವೈಸಿ ಕೆಲಸವನ್ನು ಬಿಡಬೇಡಿ. ಅದಕ್ಕೆ ಪಿಎಫ್ ದಾಖಲೆ ಇದೆ, ತೆಗೆದರೆ ಆರು ತಿಂಗಳು ಖಾಲಿ ಕಾಣುತ್ತದೆ. ಅದನ್ನು ಒಂದೇ ಸಾಲಿಗೆ ಇಳಿಸಿ, ಲೆಕ್ಕದ ಕೆಲಸಕ್ಕೆ ಹತ್ತಿರವಾದ ಭಾಗ ಹೇಳಿ: ಪ್ಯಾನ್, ವಿಳಾಸ ದಾಖಲೆಗಳನ್ನು ಅರ್ಜಿಯ ಜತೆ ತಾಳೆ ನೋಡಿ ತಪ್ಪು ಗುರುತಿಸುವುದು.

ಸಾಮಾನ್ಯ ತಪ್ಪು: ಹುದ್ದೆಯ ಹೆಸರನ್ನು ಹಿಗ್ಗಿಸುವುದು. ಅಂಗಡಿಗಳ ಲೆಕ್ಕ ನೋಡಿಕೊಂಡವರು "ಜಿಎಸ್‌ಟಿ ಪ್ರಾಕ್ಟೀಷನರ್" ಎಂದು ಬರೆಯುತ್ತಾರೆ. ಅದು ಜಿಎಸ್‌ಟಿ ಕಾನೂನಿನಡಿ ಅರ್ಜಿ ಹಾಕಿ, ನೋಂದಣಿ ಸಂಖ್ಯೆ ಪಡೆದವರಿಗೆ ಮಾತ್ರ ಇರುವ ಹೆಸರು. ಇಂಟರ್‌ವ್ಯೂನಲ್ಲಿ ಎದುರು ಕುಳಿತ ಸಿಎ ಮೊದಲು ಕೇಳುವುದೇ ಆ ಸಂಖ್ಯೆ. ಒಬ್ಬರೇ ಕೆಲಸ ಮಾಡಿ ಫೌಂಡರ್, ಸಿಇಒ ಎಂದು ಹಾಕಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. "ಸ್ವತಂತ್ರ ಅಕೌಂಟ್ಸ್ ಅಸಿಸ್ಟೆಂಟ್" ಎಂದರೆ ಸಾಕು. ಆ ಮಾತಿನ ಮೇಲೆ ಯಾರೂ ಬೆರಳು ತೋರಿಸಲಾರರು.

## ಹಂತ 4: ಬಿಡಿ ಕೆಲಸಗಳನ್ನು ಒಂದೇ ತಲೆಬರಹದಡಿ ತನ್ನಿ, ಆದರೆ ತಿಂಗಳು ಸುಳ್ಳಾಗದಿರಲಿ

ಯಾವುದನ್ನು ಸೇರಿಸಬಹುದು, ಯಾವುದನ್ನು ಸೇರಿಸಬಾರದು ಎಂಬುದಕ್ಕೆ ನಾನು ಒಂದು ಗೆರೆ ಎಳೆಯುತ್ತೇನೆ. ನೀವೇ ಗ್ರಾಹಕರನ್ನು ಹುಡುಕಿ, ನೀವೇ ಬೆಲೆ ಮಾತಾಡಿ ಮಾಡಿದ ಕೆಲಸಗಳು ಒಟ್ಟಿಗೆ ಸೇರಬಹುದು. ಪಿಎಫ್, ಸಂಬಳದ ಚೀಟಿ, ಆಫರ್ ಲೆಟರ್ ಇರುವ ಕೆಲಸ ಎಷ್ಟೇ ಚಿಕ್ಕದಾದರೂ ಪ್ರತ್ಯೇಕವಾಗಿಯೇ ಇರಬೇಕು. ಒಂದು ಸಂಸ್ಥೆಯ ಕಚೇರಿಯಲ್ಲಿ ಕುಳಿತು, ಅವರ ಸಮಯಕ್ಕೆ ಮಾಡಿದ ಮೂರು ತಿಂಗಳಿಗಿಂತ ಹೆಚ್ಚಿನ ಗುತ್ತಿಗೆಯೂ ಪ್ರತ್ಯೇಕವೇ ಒಳ್ಳೆಯದು. ಯಾಕೆಂದರೆ ಅದಕ್ಕೊಂದು ಹೆಸರಿನ ಬಲ ಇರುತ್ತದೆ.

ಹಾಗೆ ನೋಡಿದರೆ ಕಾರ್ಕಳದ ಕಾರ್ಖಾನೆ, ರಥಬೀದಿಯ ಅಂಗಡಿಗಳು, ಮಲ್ಪೆಯ ವ್ಯಾಪಾರಿ, ಈಗಿನ ನಾಲ್ಕು ಅಂಗಡಿಗಳು "ಸ್ವತಂತ್ರ ಲೆಕ್ಕದ ಕೆಲಸ, ಉಡುಪಿ" ಎಂಬ ಒಂದೇ ತಲೆಬರಹದಡಿ ಬರುತ್ತವೆ.

ಈಗ ತಾರೀಕು. "ಏಪ್ರಿಲ್ 2023ರಿಂದ ಈವರೆಗೆ" ಎಂದು ಒಂದೇ ಉಸಿರಿಗೆ ಬರೆಯುವ ಆಸೆ ಯಾರಿಗೂ ಆಗುತ್ತದೆ. ಆದರೆ ಹಾಳೆ ನೋಡಿ. ಏಪ್ರಿಲ್ 2023ರಿಂದ ಮೇ 2024ರವರೆಗೆ ಪ್ರತಿ ತಿಂಗಳೂ ಒಬ್ಬರಾದರೂ ಗ್ರಾಹಕರಿದ್ದರು. ಜೂನ್‌ನಿಂದ ಡಿಸೆಂಬರ್ 2024ರವರೆಗೆ ಒಬ್ಬರೂ ಇರಲಿಲ್ಲ. ಅದರಲ್ಲಿ ಕೊನೆಯ ನಾಲ್ಕು ತಿಂಗಳು ಅವಳು ಮಂಗಳೂರಿನಲ್ಲಿ ಪೂರ್ಣಾವಧಿ ಕುಳಿತಿದ್ದಳು. ಹಾಗಾಗಿ ತಲೆಬರಹ ಒಂದೇ ಇರಲಿ, ಅವಧಿ ಎರಡಾಗಲಿ: "ಏಪ್ರಿಲ್ 2023 – ಮೇ 2024, ಜನವರಿ 2025 – ಈವರೆಗೆ." ಓದುವವರಿಗೆ ಇದು ಕೆಟ್ಟದಾಗಿ ಕಾಣುವುದಿಲ್ಲ. ಮಧ್ಯೆ ಒಂದು ಗುತ್ತಿಗೆ ಸಿಕ್ಕಿತು, ಮುಗಿಸಿ ಹಳೆಯ ಗ್ರಾಹಕರ ಬಳಿಗೆ ಮರಳಿದಳು ಎಂದೇ ಅರ್ಥವಾಗುತ್ತದೆ.

ಒಂದು ತಿಂಗಳು ಎರಡು ತಿಂಗಳು ಗ್ರಾಹಕರಿಲ್ಲದಿದ್ದರೆ ಅವಧಿ ಒಡೆಯಬೇಕಾ? ನನ್ನ ಪ್ರಕಾರ ಬೇಡ. ಸ್ವತಂತ್ರ ಕೆಲಸದಲ್ಲಿ ಅಷ್ಟು ಏರಿಳಿತ ಇರುವುದೇ. ಮೂರು ತಿಂಗಳು ದಾಟಿದರೆ ಒಡೆಯಿರಿ.

ಗುತ್ತಿಗೆ ಕೆಲಸ ನಡೆಯುತ್ತಿರುವಾಗಲೇ ಸಂಜೆ ಹೊತ್ತು ಬೇರೆಯವರ ಲೆಕ್ಕ ಬರೆದಿದ್ದವರು ಇನ್ನೊಂದು ವಿಷಯ ಗಮನಿಸಿ. ಎರಡೂ ಅವಧಿ ಒಂದರ ಮೇಲೊಂದು ಬೀಳುತ್ತದೆ. ಹಳೆಯ ಕರಾರು ತೆಗೆದು, ಹೊರಗಿನ ಕೆಲಸಕ್ಕೆ ತಡೆ ಇತ್ತೇ ಎಂದು ಓದಿ. ತಡೆ ಇರಲಿಲ್ಲವಾದರೆ "ಸಂಜೆ ಮತ್ತು ಭಾನುವಾರ" ಎಂದು ಪಕ್ಕದಲ್ಲೇ ಬರೆಯಿರಿ. ತಡೆ ಇದ್ದರೆ ಅದನ್ನು ಅನುಭವವೆಂದು ತೋರಿಸಲು ಹೋಗಬೇಡಿ.

## ಹಂತ 5: ಪ್ರತಿ ಕೆಲಸದ ಕೆಳಗೆ ಏನು ಬರೆಯಬೇಕು

ಹುದ್ದೆಯ ಪಕ್ಕದಲ್ಲೇ "ಗುತ್ತಿಗೆ, 4 ತಿಂಗಳು" ಎಂದು ಬರೆಯಿರಿ. ಬಹಳ ಮಂದಿ ಗುತ್ತಿಗೆ ಎಂಬ ಮಾತನ್ನು ಅಡಗಿಸುತ್ತಾರೆ. ಅದರಿಂದ ಹಾನಿ ನಿಮಗೇ. ಆ ಮಾತು ಇಲ್ಲದಿದ್ದರೆ ನಾಲ್ಕು ತಿಂಗಳಲ್ಲಿ ಬಿಟ್ಟುಹೋದವರಂತೆ ಕಾಣುತ್ತೀರಿ. ಇದ್ದರೆ, ಒಪ್ಪಿಕೊಂಡದ್ದನ್ನು ಪೂರ್ತಿ ಮುಗಿಸಿದವರು.

ಮುಗಿದ ಕಾರಣ ಕೆಲಸದೊಳಗೇ ಇದ್ದರೆ ಇನ್ನೂ ಒಳ್ಳೆಯದು. ವಾರ್ಷಿಕ ಜಿಎಸ್‌ಟಿ ರಿಟರ್ನ್ ಆದ GSTR-9ಕ್ಕೆ ಸಾಮಾನ್ಯವಾಗಿ ಡಿಸೆಂಬರ್ 31 ಕೊನೆಯ ದಿನ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಗುತ್ತಿಗೆ ಯಾಕೆ ಅಲ್ಲಿಗೆ ನಿಂತಿತೆಂದು ಅಕೌಂಟ್ಸ್ ಗೊತ್ತಿರುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "GSTR-9 ಅವಧಿಯ ಗುತ್ತಿಗೆ" ಎಂದರೆ ಸಾಕು.

ಮಲ್ಪೆಯ ಕೆಲಸವೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ನಿಂದ ಮೇವರೆಗಿನ ಹತ್ತು ತಿಂಗಳು ಎಂದರೆ ಒಂದು ಇಡೀ ಮೀನುಗಾರಿಕೆ ಋತು. ಅದನ್ನು "ಹತ್ತು ತಿಂಗಳು" ಎಂದು ಬರೆದರೆ ಅರ್ಧಕ್ಕೆ ಬಿಟ್ಟಂತೆ. "2023–24ರ ಪೂರ್ಣ ಋತು" ಎಂದು ಬರೆದರೆ ಪೂರ್ತಿ ಮಾಡಿದಂತೆ. ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕುವುದಾದರೆ ಮಾತ್ರ ನಿಷೇಧದ ತಿಂಗಳುಗಳನ್ನು ನಾಲ್ಕು ಶಬ್ದದಲ್ಲಿ ತಿಳಿಸಿ.

ಕೆಲಸದ ವಿವರಕ್ಕೆ ಎರಡು ಮೂರು ಸಾಲು ಸಾಕು. ಏನು, ಎಷ್ಟು, ಯಾವ ಗಡುವಿಗೆ ಎಂಬ ಮೂರು ಅದರಲ್ಲಿ ಇರಲಿ. "ಜಿಎಸ್‌ಟಿ ಕೆಲಸ ನೋಡಿಕೊಂಡಿದ್ದೆ" ಎಂಬುದರಿಂದ ಏನೂ ತಿಳಿಯುವುದಿಲ್ಲ. "ಮೂರು ಅಂಗಡಿಗಳ ಖರೀದಿ ಬಿಲ್‌ಗಳನ್ನು ಪ್ರತಿ ತಿಂಗಳು GSTR-2B ಜತೆ ಹೊಂದಿಸಿ, 11ರ GSTR-1ಕ್ಕೂ 20ರ GSTR-3Bಗೂ ಲೆಕ್ಕ ಸಿದ್ಧಪಡಿಸಿದ್ದು, ಹತ್ತು ತಿಂಗಳೂ ಗಡುವಿನೊಳಗೆ" ಎಂದರೆ, ಓದುವವರು ನಾಳೆಯೇ ಕುರ್ಚಿಯಲ್ಲಿ ಕೂರಿಸಬಹುದಾದವರು ಎಂದು ತಿಳಿಯುತ್ತಾರೆ.

ಆದರೆ ಒಂದು ಕೆಲಸದ ಮಾತನ್ನು ಇನ್ನೊಂದಕ್ಕೆ ಅಂಟಿಸಬೇಡಿ. ಮಲ್ಪೆಯ ವ್ಯಾಪಾರಿಯ ಕೆಳಗೂ ಜಿಎಸ್‌ಟಿ ರಿಟರ್ನ್ ಎಂದು ಬರೆಯುವವರನ್ನು ಕಂಡಿದ್ದೇನೆ. ತಾಜಾ ಮೀನಿಗೆ ಜಿಎಸ್‌ಟಿ ಇಲ್ಲ. ತಾಜಾ ಮೀನನ್ನು ಮಾತ್ರ ಮಾರುವವರಿಗೆ ತಿಂಗಳ ರಿಟರ್ನ್ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅಲ್ಲಿ ನಿಜವಾಗಿ ಮಾಡಿದ್ದು ದಿನದ ಖರೀದಿ, ಐಸ್, ಸಾಗಾಟದ ಖರ್ಚು, ಬರಬೇಕಾದ ಬಾಕಿ ಇವುಗಳ ಲೆಕ್ಕ. ಪ್ರತಿದಿನ ನಗದು ತಾಳೆ ನೋಡುವುದು ಸಣ್ಣ ಕೌಶಲ ಅಲ್ಲ. ಅದನ್ನೇ ಬರೆಯಿರಿ.

ಗ್ರಾಹಕರ ವಹಿವಾಟಿನ ಮೊತ್ತ, ಲಾಭ, ಜಿಎಸ್‌ಟಿ ಸಂಖ್ಯೆ ರೆಸ್ಯೂಮೆಯಲ್ಲಿ ಬರಬಾರದು. ನಿಮ್ಮ ಕೆಲಸದ ಅಳತೆಗೆ ಬಿಲ್‌ಗಳ ಸಂಖ್ಯೆ, ಅಂಗಡಿಗಳ ಸಂಖ್ಯೆ ಸಾಕು. ಇಂದು ಒಬ್ಬರ ಗುಟ್ಟು ಬರೆದವರು ನಾಳೆ ನಮ್ಮದನ್ನೂ ಬರೆಯುತ್ತಾರೆ ಎಂದು ಎಚ್‌ಆರ್‌ಗೆ ಅನಿಸುತ್ತದೆ.

## ಹಂತ 6: ಖಾಲಿ ತಿಂಗಳುಗಳು

ನಮ್ಮ ಹುಡುಗಿಗೆ ಜೂನ್‌ನಿಂದ ಆಗಸ್ಟ್ 2024ರವರೆಗೆ ಕೆಲಸವಿರಲಿಲ್ಲ. ಅಮ್ಮನಿಗೆ ಆಪರೇಶನ್ ಆಗಿತ್ತು, ಮನೆಯಲ್ಲಿದ್ದಳು. ಇದನ್ನು ಮುಚ್ಚಲು ಕೆಲವರು ತಿಂಗಳು ತೆಗೆದು ವರ್ಷ ಮಾತ್ರ ಹಾಕುತ್ತಾರೆ. ಅನುಭವಿ ಎಚ್‌ಆರ್‌ಗೆ ಅದೇ ಮೊದಲ ಸಂಶಯ. ತಿಂಗಳು ಹಾಕಿ. ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಖಾಲಿ ಜಾಗಕ್ಕೆ ಒಂದು ಸಾಲು ಕೊಡಿ: "ಜೂನ್ – ಆಗಸ್ಟ್ 2024: ಮನೆಯವರ ಆರೋಗ್ಯದ ಕಾರಣ ಬಿಡುವು." ಕಾಯಿಲೆಯ ವಿವರ ಬೇಡ. ಅದಕ್ಕಿಂತ ಚಿಕ್ಕ ಅಂತರಕ್ಕೆ ಏನೂ ಬೇಡ.

## ಹಂತ 7: ಪುಟದ ಮೇಲೆ ಇಳಿಸಿ

ಈಗ ಎಲ್ಲವನ್ನೂ ಒಟ್ಟಿಗೆ ನೋಡಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ನಿಮ್ಮ ರೆಸ್ಯೂಮೆ ಇಂಗ್ಲಿಷ್‌ನಲ್ಲಿದ್ದರೂ ಸಾಲುಗಳ ಕ್ರಮ ಇದೇ ಇರಲಿ.

ಅಕೌಂಟ್ಸ್ ಅಸಿಸ್ಟೆಂಟ್
ಸಣ್ಣ, ಮಧ್ಯಮ ವ್ಯಾಪಾರಗಳ ಲೆಕ್ಕ ಮತ್ತು ಜಿಎಸ್‌ಟಿ ತಯಾರಿ, ಟ್ಯಾಲಿ, ಎಕ್ಸೆಲ್

ಸ್ವತಂತ್ರ ಲೆಕ್ಕದ ಕೆಲಸ, ಉಡುಪಿ
ಏಪ್ರಿಲ್ 2023 – ಮೇ 2024. ಜನವರಿ 2025 – ಈವರೆಗೆ
- ಅಂಗಡಿಗಳು (ಮೊದಲು ಮೂರು, ಈಗ ನಾಲ್ಕು): GSTR-2B ಹೊಂದಾಣಿಕೆ, GSTR-1 ಮತ್ತು GSTR-3Bಗೆ ಲೆಕ್ಕ ತಯಾರಿ, ಪ್ರತಿ ತಿಂಗಳು ಗಡುವಿನೊಳಗೆ
- ಮೀನು ವ್ಯಾಪಾರಿ, ಮಲ್ಪೆ (2023–24ರ ಪೂರ್ಣ ಋತು): ದಿನದ ಖರೀದಿ, ಖರ್ಚು, ಬಾಕಿ ಲೆಕ್ಕ, ನಗದು ತಾಳೆ
- ಗೇರುಬೀಜ ಕಾರ್ಖಾನೆ, ಕಾರ್ಕಳ (ಏಪ್ರಿಲ್ – ಮೇ 2023): ಬಾಕಿ ಉಳಿದ ಬಿಲ್‌ಗಳನ್ನು ಟ್ಯಾಲಿಗೆ ಏರಿಸಿದ್ದು

ಸಿಎ ಸಂಸ್ಥೆ, ಮಂಗಳೂರು: ಗುತ್ತಿಗೆ, 4 ತಿಂಗಳು
ಸೆಪ್ಟೆಂಬರ್ – ಡಿಸೆಂಬರ್ 2024
- GSTR-9 ಅವಧಿಯ ಗುತ್ತಿಗೆ. ಪುಸ್ತಕದ ಲೆಕ್ಕವನ್ನು ವರ್ಷದ ರಿಟರ್ನ್‌ಗಳ ಜತೆ ಹೊಂದಿಸಿ ವ್ಯತ್ಯಾಸದ ಪಟ್ಟಿ ಮಾಡಿದ್ದು

ಜೂನ್ – ಆಗಸ್ಟ್ 2024: ಮನೆಯವರ ಆರೋಗ್ಯದ ಕಾರಣ ಬಿಡುವು

ಏಜೆನ್ಸಿಯ ಹೆಸರು, ಮಂಗಳೂರು: ಗುತ್ತಿಗೆ, 12 ತಿಂಗಳು
ಏಪ್ರಿಲ್ 2022 – ಮಾರ್ಚ್ 2023
- ನಿಯೋಜನೆ 2: ಖಾಸಗಿ ಕಂಪನಿ, ಸರಬರಾಜುದಾರರ ಬಿಲ್ ಎಂಟ್ರಿ
- ನಿಯೋಜನೆ 1: ಖಾಸಗಿ ಬ್ಯಾಂಕ್, ಅರ್ಜಿ ಮತ್ತು ದಾಖಲೆಗಳ ತಾಳೆ

ಸಿಎ ಕಚೇರಿ, ಉಡುಪಿ: ಸಹಾಯಕಿ
ಆಗಸ್ಟ್ 2021 – ಮಾರ್ಚ್ 2022
- ಗ್ರಾಹಕರ ಬಿಲ್‌ಗಳ ಟ್ಯಾಲಿ ಎಂಟ್ರಿ, ಬ್ಯಾಂಕ್ ಹೊಂದಾಣಿಕೆ

ಹನ್ನೊಂದು ಸಾಲು ನಾಲ್ಕು ತಲೆಬರಹವಾಯಿತು. ಎಂಟ್ರಿಯಿಂದ ಹೊಂದಾಣಿಕೆಗೆ, ಅಲ್ಲಿಂದ ರಿಟರ್ನ್ ತಯಾರಿಗೆ ಅವಳು ಮುಂದೆ ಹೋಗಿರುವುದು ಕೆಳಗಿನಿಂದ ಮೇಲಕ್ಕೆ ಓದಿದರೆ ತಾನಾಗಿ ಕಾಣುತ್ತದೆ. ಈ ಏರಿಕೆ ಅವಳ ಮೊದಲ ಪಟ್ಟಿಯಲ್ಲೂ ಇತ್ತು, ಕಾಣುತ್ತಿರಲಿಲ್ಲ ಅಷ್ಟೇ.

ಈ ಕ್ರಮಕ್ಕೆ ಮಿತಿಯೂ ಇದೆ. ಸೇರಿದ ಪೂರ್ಣಾವಧಿ ನೌಕರಿಗಳನ್ನೇ ಎರಡೆರಡು ತಿಂಗಳಿಗೆ ಬಿಟ್ಟಿದ್ದರೆ ಅವನ್ನು ಗುತ್ತಿಗೆ ಎಂದು ಬರೆಯಲಾಗದು, ಸ್ವತಂತ್ರ ಕೆಲಸದಡಿ ಸೇರಿಸಲೂ ಆಗದು. ಅದಕ್ಕೆ ಇಂಟರ್‌ವ್ಯೂನಲ್ಲಿ ಕಾರಣ ಹೇಳಲೇಬೇಕು.

## ಹಂತ 8: ಕಂಪನಿಯ ಫಾರಂ ಬಂದಾಗ ಮತ್ತೆ ಬಿಡಿಸಿ ಬರೆಯಿರಿ

ರೆಸ್ಯೂಮೆ ಬೇರೆ, ಪರಿಶೀಲನೆಯ ಫಾರಂ ಬೇರೆ. ಆಫರ್‌ಗೆ ಮೊದಲೋ ನಂತರವೋ ಬರುವ ಫಾರಂನಲ್ಲಿ ಹಿಂದಿನ ಎಲ್ಲ ಕೆಲಸಗಳ ವಿವರ ಕೇಳುತ್ತಾರೆ. ಅಲ್ಲಿ ಗುಂಪು ಮಾಡುವಂತಿಲ್ಲ. ಹಂತ 1ರಲ್ಲಿ ಮಾಡಿದ ಹಾಳೆಯನ್ನು ತೆರೆದು, ಕೇಳಿದ ಅವಧಿಯ ಪ್ರತಿಯೊಂದು ಕೆಲಸವನ್ನೂ ದಿನಾಂಕ ಸಹಿತ ತುಂಬಿ. ಎಲ್ಲವನ್ನೂ ಕೇಳಿದ್ದರೆ ಕಲ್ಯಾಣಮಂಟಪವೂ ಬರಲಿ. ಬಿಟ್ಟ ಕಾರಣದ ಜಾಗದಲ್ಲಿ "ಗುತ್ತಿಗೆ ಅವಧಿ ಮುಗಿಯಿತು" ಎಂದು ಬರೆಯಿರಿ. "ವೈಯಕ್ತಿಕ ಕಾರಣ" ಎಂದು ಎಲ್ಲ ಸಾಲಿಗೂ ತುಂಬಿದರೆ ಇಷ್ಟು ಹೊತ್ತು ಮಾಡಿದ ಕೆಲಸ ಹಾಳು.

ನೌಕ್ರಿ ಮತ್ತು ಲಿಂಕ್ಡ್‌ಇನ್ ಪುಟಗಳನ್ನೂ ಅದೇ ದಿನ ಸರಿಮಾಡಿ. ಲಿಂಕ್ಡ್‌ಇನ್‌ನಲ್ಲಿ ಪ್ರತಿ ಕೆಲಸಕ್ಕೂ ಅದರ ಬಗೆ ಆರಿಸುವ ಜಾಗವಿದೆ. ಸಿಎ ಸಂಸ್ಥೆ, ಏಜೆನ್ಸಿಗೆ ಅಲ್ಲಿ Contract ಇದ್ದರೆ ಅದನ್ನು, ಸ್ವತಂತ್ರ ಕೆಲಸಕ್ಕೆ Freelance ಆರಿಸಿ. ಹಳೆಯ ಪುಟದಲ್ಲಿ ಬ್ಯಾಂಕಿನ ಹೆಸರೇ ಕಂಪನಿ ಎಂದು ಉಳಿದಿದ್ದರೆ, ರೆಸ್ಯೂಮೆ ಸರಿ ಇದ್ದೂ ಪ್ರಯೋಜನವಿಲ್ಲ.

## ಸರಿಯಾಗಿಲ್ಲ ಎಂದು ಗೊತ್ತಾಗುವುದು ಹೇಗೆ

ಕಳುಹಿಸಿದ ಮೇಲೆ ಬರುವ ಫೋನ್‌ಗಳನ್ನು ಗಮನಿಸಿ. "ಈಗ ಎಲ್ಲಿ ಕೆಲಸ ಮಾಡ್ತಾ ಇದ್ದೀರಿ?" ಎಂಬ ಪ್ರಶ್ನೆ ಪದೇ ಪದೇ ಬಂದರೆ ಮೊದಲ ತಲೆಬರಹ ಸ್ಪಷ್ಟವಿಲ್ಲ. "ಇಷ್ಟು ಬೇಗ ಬಿಟ್ಟದ್ದು ಯಾಕೆ?" ಎಂದು ಕೇಳಿದರೆ ಗುತ್ತಿಗೆ ಎಂಬ ಮಾತು ಕಣ್ಣಿಗೆ ಬೀಳುತ್ತಿಲ್ಲ, ಅದನ್ನು ಕಂಪನಿಯ ಹೆಸರಿನ ಸಾಲಿಗೇ ತನ್ನಿ. "ನಿಮಗೆ ನಿಜವಾಗಿ ಯಾವ ಕೆಲಸ ಬೇಕು?" ಎಂದರೆ ಹಂತ 3ಕ್ಕೆ ವಾಪಸ್ ಹೋಗಿ. ಒಂದು ಮಾತಿಗೆ ಸೇರದ ಕೆಲಸ ಇನ್ನೂ ಜಾಸ್ತಿ ಜಾಗ ತಿನ್ನುತ್ತಿದೆ.

GSTR-2B ಬಗ್ಗೆ, ನಗದು ತಾಳೆ ಬಗ್ಗೆ, ಟ್ಯಾಲಿಯ ಆವೃತ್ತಿ ಬಗ್ಗೆ ಕೇಳತೊಡಗಿದರೆ ಜೋಡಣೆ ಸರಿಯಾಗಿದೆ. ಆಮೇಲೆ ಅದನ್ನು ಮುಟ್ಟಬೇಡಿ. ಇನ್ನು ಮುಂದಿನ ಯಾವ ಗುತ್ತಿಗೆ ಮುಗಿದರೂ ಕೊನೆಯ ಹಣ ಕೈಗೆ ಬರುವ ವಾರದಲ್ಲೇ ಅವಧಿ ಬರೆದ ಪತ್ರ ಕೇಳಿ ಪಡೆಯಿರಿ, ಅದೇ ಸಂಜೆ ಹಾಳೆಯಲ್ಲಿ ಒಂದು ಸಾಲು ಸೇರಿಸಿ. ಆರು ತಿಂಗಳು ಕಳೆದ ಮೇಲೆ ಆ ಪತ್ರಕ್ಕಾಗಿ ಎಷ್ಟು ಸಲ ಬಸ್ ಹತ್ತಬೇಕಾಗುತ್ತದೋ ಹೇಳಲಾಗದು.